ನಲವತ್ತೊಂದು ಸಂದೇಶಗಳಿಂದ ಒಂದು ದಿನಾಂಕಕ್ಕೆ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಕಾರಟಗಿ ಸುತ್ತಲಿನ ಒಂದು ನೀರು ಬಳಕೆದಾರರ ಸಂಘವಿದೆ ಎಂದಿಟ್ಟುಕೊಳ್ಳೋಣ. ಎರಡನೇ ಬೆಳೆಗೆ ಸರದಿ ನೀರಿನ ಪಟ್ಟಿ ಮಾಡಲು ಒಂಬತ್ತು ಮಂದಿ ಪೂರ್ವಭಾವಿಯಾಗಿ ಸೇರಬೇಕು. "ಯಾವಾಗ ಸೇರೋಣ?" ಎಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದೇ ತಡ, ಎರಡು ದಿನಗಳಲ್ಲಿ ನಲವತ್ತೊಂದು ಸಂದೇಶಗಳು ಬಂದವು, ದಿನಾಂಕ ಮಾತ್ರ ನಿಗದಿಯಾಗಲಿಲ್ಲ. ಇಂಥ ಸಂದೇಶಗಳ ಎಳೆಯನ್ನು ಕೈಗೆತ್ತಿಕೊಳ್ಳುವವರು ಮೊದಲು ಮಾಡಬೇಕಾದದ್ದು ಹೊಸ ಆಯ್ಕೆಗಳ ಬಾಗಿಲು ಮುಚ್ಚುವುದು. "ಈವರೆಗೆ ಬಂದ ಮೂರು ದಿನಗಳಲ್ಲಿಯೇ ಒಂದನ್ನು ಇಂದು ಸಂಜೆ ಎಂಟಕ್ಕೆ ತಿಳಿಸುತ್ತೇನೆ" ಎಂದು ಒಬ್ಬರೇ, ತಮ್ಮ ಹೊಣೆಯಲ್ಲಿ, ಬರೆಯಬೇಕು.

ಎರಡನೆಯ ಹಂತವನ್ನು ಫೋನಿನಲ್ಲಿ ಮಾಡದೆ ಹಾಳೆಯ ಮೇಲೆ ಮಾಡುವುದು ಲೇಸು. ಎಡಕ್ಕೆ ಒಂಬತ್ತು ಹೆಸರು, ಮೇಲೆ ಮೂರು ದಿನ: ನವೆಂಬರ್ 14ರ ಶನಿವಾರ, 15ರ ಭಾನುವಾರ, 17ರ ಮಂಗಳವಾರ, ಮೂರೂ ದಿನ ಬೆಳಿಗ್ಗೆ ಹತ್ತು ಗಂಟೆ. ಎಳೆಯನ್ನು ಮೊದಲ ಸಂದೇಶದಿಂದ ಓದುತ್ತ ಹಾಳೆಯ ಪ್ರತಿ ಚೌಕದಲ್ಲಿ "ಬರುವೆ", "ಕಷ್ಟ", "ಆಗದು" ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಒಬ್ಬರೇ ಎರಡು ಸಲ ಉತ್ತರಿಸಿದ್ದರೆ ನಂತರದ ಮಾತೇ ಲೆಕ್ಕಕ್ಕೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. ರಾತ್ರಿ ಹನ್ನೊಂದೂವರೆಗೆ ಬರೆದ "ನಾಳೆ ಆಗಲ್ಲ" ಎಂಬುದನ್ನು ಮರುದಿನ ಓದಿದರೆ ದಿನವೇ ಬದಲಾಗುತ್ತದೆ. ಆದ್ದರಿಂದ ಸಂದೇಶದ ದಿನಾಂಕವನ್ನು ನೋಡಿಯೇ ಅರ್ಥ ಮಾಡಿಕೊಳ್ಳಬೇಕು. "ನೋಡ್ತೀನಿ" ಎಂದವರು ನಮ್ಮ ಕಡೆ ಬಹುಮಟ್ಟಿಗೆ ಬರುವುದಿಲ್ಲ ಎಂದೇ ಹೇಳಿರುತ್ತಾರೆ. ಅದನ್ನು "ಕಷ್ಟ"ದಲ್ಲಿ ಹಾಕಿ. ಕೈಮುಗಿದ ಚಿಹ್ನೆ ಒಪ್ಪಿಗೆಯಲ್ಲ. ಉತ್ತರಿಸದವರ ಚೌಕ ಖಾಲಿಯೇ ಇರಲಿ.

ವಾಟ್ಸಾಪ್‌ನ ಮತದಾನ ಸೌಲಭ್ಯ ಈ ಶ್ರಮವನ್ನು ತಪ್ಪಿಸುವುದಿಲ್ಲವೇ ಎಂದು ಕೇಳಬಹುದು. ಯಾರು ಯಾವುದಕ್ಕೆ ಒತ್ತಿದರು ಎಂಬುದು ಅದರಲ್ಲಿ ಕಾಣುತ್ತದೆಯಾದರೂ, ಒತ್ತದವರು ಬರಲಾರರೋ ಅಥವಾ ನೋಡಿಯೇ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ಈಗ ಹಾಳೆ ಹೀಗಿದೆ. ಶನಿವಾರಕ್ಕೆ ಏಳು ಮಂದಿ "ಬರುವೆ" ಎಂದಿದ್ದಾರೆ. ಭಾನುವಾರಕ್ಕೆ ಐವರು ಬರುತ್ತಾರೆ, ಒಬ್ಬರಿಗೆ ಕಷ್ಟ, ಇಬ್ಬರಿಗೆ ಆಗದು, ಒಬ್ಬರು ಮೌನ. ಮಂಗಳವಾರ ಆರು ಮಂದಿ. ತಲೆ ಎಣಿಸಿದರೆ ಶನಿವಾರವೇ ಸರಿ. ಆದರೆ ಎಣಿಸುವ ಮೊದಲು, ಯಾರಿಲ್ಲದೆ ಈ ಸಭೆ ನಡೆದರೂ ನಡೆಯದಂತೆಯೇ ಎಂದು ಕೇಳಿಕೊಳ್ಳಬೇಕು. ಸರದಿ ಪಟ್ಟಿಗೆ ಅಂಥವರು ಮೂವರು: ಅಧ್ಯಕ್ಷರು, ಅಚ್ಚುಕಟ್ಟಿನ ವಹಿ ಇಟ್ಟುಕೊಂಡಿರುವ ಕಾರ್ಯದರ್ಶಿ, ಮತ್ತು ಕಾಲುವೆಯ ಕೊನೆ ಭಾಗದ ರೈತರ ಪ್ರತಿನಿಧಿ. ಶನಿವಾರ ಆ ಪ್ರತಿನಿಧಿಯ ಗದ್ದೆಗೆ ಭತ್ತ ಕೊಯ್ಯುವ ಯಂತ್ರ ಬರುತ್ತದೆ. ಅದು ಆ ದಿನ ತಪ್ಪಿದರೆ ಮತ್ತೆಂದು ಸಿಗುವುದೋ ತಿಳಿಯದು. ಅವರಿಲ್ಲದೆ ಮೇಲ್ಭಾಗದವರು ಏಳು ಮಂದಿ ಕುಳಿತು ಪಟ್ಟಿ ಮಾಡಿದರೆ, ನೀರು ಬಿಟ್ಟ ಮೊದಲ ವಾರವೇ ತಕರಾರು ಏಳುತ್ತದೆ. ಮಂಗಳವಾರ ಅಧ್ಯಕ್ಷರಿಗೆ ರಾಯಚೂರಿನಲ್ಲಿ ಕೋರ್ಟಿನ ತಾರೀಖು. ಉಳಿದದ್ದು ಭಾನುವಾರ.

ಭಾನುವಾರ "ಕಷ್ಟ" ಎಂದವರು ಕಾರ್ಯದರ್ಶಿಯೇ ಆಗಿದ್ದಾರೆ. ಗುಂಪಿನಲ್ಲಿ ಮತ್ತೆ ಪ್ರಶ್ನೆ ಹಾಕದೆ ಅವರಿಗೊಬ್ಬರಿಗೇ ಕರೆ ಮಾಡಬೇಕು. ಲಿಂಗಸುಗೂರಿನ ಮದುವೆಯ ಊಟದ ಹೊತ್ತಿಗೆ ತಲುಪಿದರೆ ಸಾಕು, ಹನ್ನೊಂದೂಕಾಲಕ್ಕೆ ಬಿಟ್ಟುಕೊಡಿ ಎಂದರು ಅವರು. ಹಾಗಿದ್ದರೆ ಒಂಬತ್ತಕ್ಕೇ ಸೇರೋಣ ಎನ್ನಲು ಮನಸ್ಸಾಗುತ್ತದೆ. ಬೇಡ. ಐವರೂ ಒಪ್ಪಿದ್ದು ಹತ್ತು ಗಂಟೆಗೆ. ಸಿಂಧನೂರಿನಿಂದ ಬಸ್ಸಿಗೆ ಬರುವವರೂ ಅವರಲ್ಲಿದ್ದಾರೆ. ಗಂಟೆ ಬದಲಿಸಿದರೆ ಎಳೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರ ಬದಲು ವಹಿ ಬೇಕಾದ ವಿಷಯವನ್ನು ಮೊದಲಿಗೆ ತಂದರಾಯಿತು.

ಕೊನೆಯ ಸಂದೇಶವನ್ನು ಹಿಂದಿನ ಯಾವ ಸಂದೇಶವನ್ನೂ ಓದದವರಿಗೂ ತಿಳಿಯುವಂತೆ ಬರೆಯಬೇಕು:

"ನಿರ್ಧಾರ: ಸರದಿ ಪಟ್ಟಿಯ ಸಭೆ ನವೆಂಬರ್ 15, ಭಾನುವಾರ, ಬೆಳಿಗ್ಗೆ 10ಕ್ಕೆ, ಕಾರಟಗಿಯ ಸಂಘದ ಕಚೇರಿಯಲ್ಲಿ. 10ರಿಂದ 11ರವರೆಗೆ ಅಚ್ಚುಕಟ್ಟಿನ ವಹಿ, ನಂತರ ಸರದಿ. ಶನಿವಾರ ಬಿಟ್ಟದ್ದು ಕೊನೆ ಭಾಗದ ಪ್ರತಿನಿಧಿ ಅಂದು ಇರಲಾರರೆಂಬ ಕಾರಣಕ್ಕೆ. ಬರಲಾಗದ ಇಬ್ಬರು ತಮ್ಮ ಮಾತನ್ನು ಶನಿವಾರ ಸಂಜೆಯೊಳಗೆ ನನಗೆ ಫೋನಿನಲ್ಲಿ ತಿಳಿಸಬೇಕು. ಸಭೆಯಲ್ಲಿ ಓದಿ ಹೇಳುತ್ತೇನೆ."

ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದನ್ನು ಗಮನಿಸಿ. ಅದಿಲ್ಲದಿದ್ದರೆ ಶನಿವಾರ ಒಪ್ಪಿದ್ದ ಏಳು ಮಂದಿ ಕೇಳಿಯೇ ಕೇಳುತ್ತಾರೆ. "ಎಲ್ಲರಿಗೂ ಸರಿಯೇ?" ಎಂದು ಮಾತ್ರ ಕೊನೆಗೆ ಸೇರಿಸಬೇಡಿ, ಅದು ನಿರ್ಧಾರವನ್ನು ಮತ್ತೆ ಪ್ರಶ್ನೆಯಾಗಿಸುತ್ತದೆ. ಸಂದೇಶವನ್ನು ಗುಂಪಿನ ಮೇಲ್ಭಾಗದಲ್ಲಿ ಏಳು ದಿನಕ್ಕೆ ಪಿನ್ ಮಾಡಿ, ಮೌನವಾಗಿದ್ದ ಒಬ್ಬರಿಗೆ ಫೋನ್ ಮಾಡಿ ತಿಳಿಸಿ. ಮರುದಿನ ಯಾರಾದರೂ "ಸೋಮವಾರ ಆಗಿದ್ದರೆ ಚೆನ್ನಾಗಿತ್ತು" ಎಂದರೆ ಅವರಿಗೆ ಖಾಸಗಿಯಾಗಿ ಉತ್ತರಿಸಿ. ಸಭೆಗೆ ಬೇಕೇ ಬೇಕಾದ ಆ ಮೂವರಲ್ಲಿ ಒಬ್ಬರು ಬರಲಾರದಂತಾದರೆ ಮಾತ್ರ ಹಾಳೆಯನ್ನು ಮತ್ತೆ ತೆರೆಯಬೇಕು.