ಆರು ಜನರ ಸಂಬಳ, ಒಂದೇ ಫೈಲು: ಚಾಲ್ತಿ ಖಾತೆಯಿಂದ ಬಲ್ಕ್ ವರ್ಗಾವಣೆ ಮಾಡುವುದು ಹೇಗೆ?

ಆರೇಳು ಕೆಲಸಗಾರರಿರುವ ವರ್ಕ್‌ಶಾಪಿನಲ್ಲಿ ಸಂಬಳ ಬಟವಾಡೆಗೆ ದುಬಾರಿ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಚಾಲ್ತಿ ಖಾತೆಯ ನೆಟ್ ಬ್ಯಾಂಕಿಂಗ್‌ನಲ್ಲಿ ಬಲ್ಕ್ ಅಪ್‌ಲೋಡ್ ಸೌಲಭ್ಯ ಇದ್ದು, ಒಂದು ಎಕ್ಸೆಲ್ ಹಾಳೆ ಇದ್ದರೆ ಸಾಕು. ಆ ಸೌಲಭ್ಯ ಎಲ್ಲ ಖಾತೆಗಳಿಗೂ ತಾನಾಗಿ ಬಂದಿರುವುದಿಲ್ಲ. ಕೆಲವು ಬ್ಯಾಂಕುಗಳಲ್ಲಿ ಶಾಖೆಗೆ ಹೋಗಿ ಅರ್ಜಿ ಕೊಟ್ಟು ತೆರೆಸಿಕೊಳ್ಳಬೇಕು. ಅದೇ ಅರ್ಜಿಯಲ್ಲಿ ಫೈಲು ಹಾಕುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಎಂದು ಎರಡು ಲಾಗಿನ್ ಕೇಳಿ. ಲೆಕ್ಕ ಬರೆಯುವವರು ಫೈಲು ಹಾಕಲಿ, ಒಟಿಪಿ ಮಾತ್ರ ಮಾಲೀಕರ ಮೊಬೈಲಿಗೇ ಬರಲಿ.

ಮೊದಲು ಸಂಬಳ ಪಟ್ಟಿ

ಹುಬ್ಬಳ್ಳಿಯ ಒಂದು ಲೇತ್ ವರ್ಕ್‌ಶಾಪ್ ಎಂದುಕೊಳ್ಳಿ. ಜೂನ್ ತಿಂಗಳ ಪಗಾರ. ಸೂಪರ್‌ವೈಸರ್‌ಗೆ 32,000 ರೂಪಾಯಿ, ಹಿರಿಯ ಟರ್ನರ್‌ಗೆ 26,000, ಕಿರಿಯ ಟರ್ನರ್‌ಗೆ 24,000, ಇಬ್ಬರು ಹೆಲ್ಪರ್‌ಗಳಿಗೆ ತಲಾ 21,000, ಲೆಕ್ಕ ಬರೆಯುವವರಿಗೆ 22,500. ಕಿರಿಯ ಟರ್ನರ್ ಎರಡು ದಿನ ಬಂದಿಲ್ಲ. 24,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 800, ಹಾಗಾಗಿ 1,600 ಕಳೆದು 22,400. ಅಲ್ಲಿಗೆ ಒಟ್ಟು ಸಂಬಳ 1,44,900.

ಇನ್ನು ಕಡಿತ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿಯಬೇಕು. 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300. ನಮ್ಮ ಪಟ್ಟಿಯಲ್ಲಿ ಇಬ್ಬರಿಗೆ ಅನ್ವಯಿಸುವುದರಿಂದ 400 ರೂಪಾಯಿ. ಹಿರಿಯ ಟರ್ನರ್ ತೆಗೆದುಕೊಂಡಿದ್ದ ಅಡ್ವಾನ್ಸ್‌ನಲ್ಲಿ ಈ ತಿಂಗಳ ಕಂತು 1,500. ಉಳಿದದ್ದು 1,43,000. ಈ ಮೊತ್ತ ಮತ್ತು ಆರು ಎಂಬ ತಲೆ ಲೆಕ್ಕ, ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದು ಮಾಲೀಕರ ಮೇಜಿನ ಮೇಲಿಡಿ. ಮಂಜೂರು ಮಾಡುವಾಗ ಪರದೆಯಲ್ಲಿ ಇದೇ ಎರಡು ಅಂಕಿ ಕಾಣಬೇಕು.

ಫೈಲು ಕೆಡುವುದು ಎಕ್ಸೆಲ್‌ನಲ್ಲೇ

ಫೈಲಿನ ನಮೂನೆ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಿಮ್ಮ ಬ್ಯಾಂಕಿನ ಪುಟದಿಂದಲೇ ಇಳಿಸಿಕೊಳ್ಳಿ, ಕಾಲಂಗಳ ಕ್ರಮ ಬದಲಿಸಬೇಡಿ. ಒಳಗಿನ ಸರಕು ಹೆಚ್ಚುಕಡಿಮೆ ಹೀಗಿರುತ್ತದೆ:

```
NAME,ACCOUNT,IFSC,AMOUNT,REMARK
HELPER ONE,0012345678901,ABCD0001234,21000.00,SALARY JUN
```

ಇಲ್ಲಿ ತೊಂದರೆ ಕೊಡುವುದು ಖಾತೆ ಸಂಖ್ಯೆ. ಎಕ್ಸೆಲ್ ಅದನ್ನು ಲೆಕ್ಕದ ಅಂಕಿ ಎಂದೇ ತಿಳಿಯುತ್ತದೆ. ಆರಂಭದ ಸೊನ್ನೆಗಳು ಉದುರಿಹೋಗುತ್ತವೆ. ಉದ್ದದ ಸಂಖ್ಯೆ `1.23E+12` ಎಂದು ಮುದುಡಿಕೊಳ್ಳುತ್ತದೆ. 15 ಅಂಕಿ ದಾಟಿದರೆ ಆಮೇಲಿನವೆಲ್ಲ ಸೊನ್ನೆಯಾಗುತ್ತವೆ, ಮತ್ತೆ ಸಿಗುವುದಿಲ್ಲ. ಆದ್ದರಿಂದ ಟೈಪ್ ಮಾಡುವ ಮೊದಲೇ ಇಡೀ ಕಾಲಂ ಅನ್ನು `Text` ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಹೋದ ಅಂಕಿ ವಾಪಸು ಬರದು. ಇನ್ನೊಂದು ಹೊಂಡ ಇದೆ: ಸರಿಯಾಗಿ ಉಳಿಸಿದ `.csv` ಫೈಲನ್ನು 'ಒಮ್ಮೆ ನೋಡಿಬಿಡೋಣ' ಎಂದು ಡಬಲ್ ಕ್ಲಿಕ್ ಮಾಡಿದರೆ ಅದು ಎಕ್ಸೆಲ್‌ನಲ್ಲಿ ತೆರೆದುಕೊಂಡು ಸೊನ್ನೆಗಳನ್ನು ಮತ್ತೆ ನುಂಗುತ್ತದೆ. ಆಮೇಲೆ ಸೇವ್ ಒತ್ತಿದರೆ ಕೆಟ್ಟದ್ದೇ ಉಳಿಯುತ್ತದೆ. ನೋಡಲೇಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ.

ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ `O` ಹಾಕಿಬಿಡುವವರು ಬಹಳ. ಹಳೆಯ ಪಾಸ್‌ಬುಕ್ ನೋಡಿ ಬರೆದುಕೊಂಡಿದ್ದರೂ ಎಡವಟ್ಟಾಗುತ್ತದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಂದಿಗೆ ವಿಲೀನವಾದ ಮೇಲೆ `SYNB` ಸಂಕೇತಗಳು 2021ರ ಜುಲೈನಿಂದ ನಡೆಯುವುದಿಲ್ಲ. ಕಾರ್ಪೊರೇಷನ್ ಬ್ಯಾಂಕಿನ ಹಳೆಯ ಸಂಕೇತಗಳ ಕಥೆಯೂ ಅದೇ.

ಇವೆಲ್ಲಕ್ಕಿಂತ ಅಪಾಯದ್ದು ವಿಂಗಡಣೆ. ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಹೆಸರು ಸರಿಯುತ್ತದೆ, ಖಾತೆ ಮತ್ತು ಮೊತ್ತ ಇದ್ದಲ್ಲೇ ಇರುತ್ತವೆ. ಮೊತ್ತದ ಕಾಲಂ ಒಂದನ್ನೇ ಜೋಡಿಸಿದರಂತೂ ಸೂಪರ್‌ವೈಸರ್ ಪಗಾರ ಹೆಲ್ಪರ್ ಖಾತೆಗೆ. ಎರಡರಲ್ಲೂ ಒಟ್ಟು ಮೊತ್ತ ಮಾತ್ರ 1,43,000 ಎಂದೇ ತೋರಿಸುವುದರಿಂದ ಚೀಟಿ ನೋಡಿದರೂ ಗೊತ್ತಾಗದು. ಕಳೆದ ತಿಂಗಳ ಫೈಲನ್ನು ಪಕ್ಕದಲ್ಲಿಟ್ಟು ಪ್ರತಿ ಸಾಲಿನ ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಮೊತ್ತ ಹೋಲಿಸಿ. ಆರು ಸಾಲಿಗೆ ಎರಡು ನಿಮಿಷ ಸಾಕು.

ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ. ಒಂದು ಅಂಕಿ ತಪ್ಪಿ ಆ ಸಂಖ್ಯೆಯ ಖಾತೆ ಬೇರೆ ಯಾರದ್ದೋ ಇದ್ದರೆ, ಹೆಸರು ಹೊಂದದಿದ್ದರೂ ಹಣ ಹೋಗಿಬಿಡಬಹುದು. ಅದಕ್ಕೆ ಹೊಸಬರು ಸೇರಿದಾಗ ಮೊದಲು ಒಂದು ರೂಪಾಯಿ ಕಳಿಸಿ, ಅವರ ಪಾಸ್‌ಬುಕ್‌ನಲ್ಲೋ ಮೊಬೈಲಿನಲ್ಲೋ ಜಮಾ ಕಂಡ ಮೇಲೆ ಪಟ್ಟಿಗೆ ಸೇರಿಸಿ.

'ಸಕ್ಸೆಸ್' ಎಂದರೆ ಮುಟ್ಟಿತು ಎಂದಲ್ಲ

ನೆಫ್ಟ್ 2019ರ ಡಿಸೆಂಬರ್‌ನಿಂದ ಹಗಲಿರುಳೂ ಅರ್ಧ ಗಂಟೆಗೊಂದು ಕಂತಿನಂತೆ ನಡೆಯುತ್ತದೆ. ಆದರೂ ರಾತ್ರಿ ಹನ್ನೊಂದಕ್ಕೆ ಸಂಬಳ ಹಾಕುವುದು ಜಾಣತನವಲ್ಲ, ಏನಾದರೂ ಕೈಕೊಟ್ಟರೆ ಕೇಳಲು ಶಾಖೆ ತೆರೆದಿರಬೇಕು. ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ ಕೊಡಬೇಕು ಎನ್ನುವುದು ಕಾನೂನು. 4 ಅಥವಾ 5ರ ಬೆಳಿಗ್ಗೆ ಇಟ್ಟುಕೊಂಡರೆ ತಪ್ಪು ತಿದ್ದಲು ಒಂದೆರಡು ದಿನ ಉಳಿಯುತ್ತದೆ.

ಫೈಲು ಹಾಕಿದ ಮೇಲೆ ಕಾಣುವ `Success` ಹಲವು ಬ್ಯಾಂಕುಗಳಲ್ಲಿ 'ಫೈಲು ಸ್ವೀಕರಿಸಿದ್ದೇವೆ' ಎಂಬಷ್ಟೇ ಅರ್ಥದ್ದು. ಒಬ್ಬ ಹೆಲ್ಪರ್‌ನ ಖಾತೆ ಮುಚ್ಚಿದೆ ಎಂದುಕೊಳ್ಳಿ. ಅವನ 21,000 ಆ ಕಡೆಯ ಬ್ಯಾಂಕಿಗೆ ಹೋಗಿ, ಜಮಾ ಮಾಡಲಾಗದೆ, ಆ ನೆಫ್ಟ್ ಕಂತು ಇತ್ಯರ್ಥವಾದ ಎರಡು ಗಂಟೆಯೊಳಗೆ ಹಿಂದಿರುಗಬೇಕು. ಹಾಗಾಗಿ ಮಧ್ಯಾಹ್ನ ಮತ್ತೊಮ್ಮೆ ಸ್ಟೇಟ್‌ಮೆಂಟ್ ನೋಡಿ. 21,000 ವಾಪಸು ಜಮಾ ಆಗಿರುವುದು ಕಣ್ಣಿಗೆ ಬಿದ್ದ ಮೇಲೆಯೇ, ಸರಿಯಾದ ಖಾತೆ ಸಂಖ್ಯೆ ಹಾಕಿ ಆ ಒಂದು ಸಾಲನ್ನು ಮಾತ್ರ ಹೊಸ ಹೆಸರಿನ ಹೊಸ ಫೈಲಿನಲ್ಲಿ ಕಳಿಸಿ. ಗಾಬರಿಯಲ್ಲಿ ಇಡೀ ಫೈಲನ್ನೇ ಮತ್ತೆ ಹಾಕಿದರೆ ಐದು ಜನಕ್ಕೆ ಎರಡು ಸಂಬಳ. ಕೆಲವರ ಖಾತೆಯಲ್ಲಿ ಅದು ಸಾಲದ ಕಂತಿಗೆ ಅಂದೇ ಕಡಿತವಾಗಿರುತ್ತದೆ, ಅವರಾದರೂ ಎಲ್ಲಿಂದ ವಾಪಸು ಕೊಟ್ಟಾರು?

ಪುಸ್ತಕದಲ್ಲಿ ಎರಡು ಬರಹ

ಬ್ಯಾಂಕಿನಿಂದ ಹಣ ಹೋದ ದಿನವೇ 1,43,000 ಸಂಬಳದ ಖರ್ಚು ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಖರ್ಚು 1,44,900, ಅದೂ ಜೂನ್ ತಿಂಗಳದ್ದು. ಜೂನ್ 30ಕ್ಕೆ ಸಂಬಳ ಖಾತೆಗೆ 1,44,900 ಡೆಬಿಟ್ ಹಾಕಿ. ಅದರೆದುರು ವೃತ್ತಿ ತೆರಿಗೆ ಬಾಕಿಗೆ 400, ಹಿರಿಯ ಟರ್ನರ್‌ನ ಅಡ್ವಾನ್ಸ್ ಖಾತೆಗೆ 1,500, ಕೊಡಬೇಕಾದ ಸಂಬಳ ಖಾತೆಗೆ 1,43,000 ಜಮಾ ಮಾಡಿ. ಜುಲೈ 5ರಂದು ಹಣ ಹೋದಾಗ ಕೊಡಬೇಕಾದ ಸಂಬಳ ಖಾತೆಗೆ ಡೆಬಿಟ್, ಬ್ಯಾಂಕ್ ಖಾತೆಗೆ ಜಮಾ. ಹೆಲ್ಪರ್‌ನ 21,000 ಹಿಂದೆ ಬಂದರೆ ಅದು ಮತ್ತೆ ಅದೇ ಖಾತೆಗೆ ಜಮಾ, ಮರು ಪಾವತಿಯಾದಾಗ ತೀರುತ್ತದೆ. ಎಲ್ಲ ಮುಗಿದ ಮೇಲೆ ಆ ಖಾತೆ ಸೊನ್ನೆಗೆ ಬರದಿದ್ದರೆ ಯಾರದೋ ಸಂಬಳ ಎಲ್ಲೋ ನಿಂತಿದೆ ಎಂದೇ ಅರ್ಥ. ಬ್ಯಾಂಕ್ ಶುಲ್ಕವನ್ನು ಸಂಬಳದಲ್ಲಿ ಬೆರೆಸದೆ ಬೇರೆ ಬರೆಯಿರಿ. ಹಿಡಿದ 400 ರೂಪಾಯಿಯನ್ನು ಜುಲೈ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು.

ಪ್ರತಿ ತಿಂಗಳಿಗೊಂದು ಫೋಲ್ಡರ್ ಮಾಡಿ. ಅದರಲ್ಲಿ ಹಾಜರಿ, ಸಹಿಯಾದ ಸಂಬಳ ಪಟ್ಟಿ, ಕಳಿಸಿದ ಮೂಲ ಫೈಲು, ಪ್ರತಿ ಸಾಲಿನ ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಇರುವ ಬ್ಯಾಂಕ್ ವರದಿ, ವೃತ್ತಿ ತೆರಿಗೆ ಚಲನ್ ಇರಲಿ. 'ಹಣ ಬಂದಿಲ್ಲ' ಎಂದವರು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಲು ಬೇಕಾದದ್ದು ಆ ಯುಟಿಆರ್ ಸಂಖ್ಯೆಯೇ. ಖಾತೆ ಬದಲಿಸಿ ಎಂಬ ಕೋರಿಕೆಯನ್ನು ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಒಪ್ಪಬೇಡಿ. ಸಹಿ ಮಾಡಿದ ಪತ್ರ, ಜತೆಗೆ ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಮೊದಲ ಪುಟದ ಪ್ರತಿ ಪಡೆದು, ಅದನ್ನೂ ಆ ತಿಂಗಳ ಫೋಲ್ಡರ್‌ಗೇ ಹಾಕಿಡಿ.