ಎಂಆರ್‌ಐ ಫಿಲ್ಮ್‌ನಲ್ಲಿ ಮೊದಲು ನೀರು ಹುಡುಕಿ

ಮೆದುಳಿನ ಎಂಆರ್‌ಐ ಫಿಲ್ಮ್ ಕೈಗೆ ಬಂದ ಕೂಡಲೇ ಬಹಳಷ್ಟು ಜನ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಿಳಿ ಚುಕ್ಕೆ ಹುಡುಕತೊಡಗುತ್ತಾರೆ. ಒಂದು ಸಿಕ್ಕರೆ ಸಾಕು, ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಗೆಲ್ಲ ಕಳಿಸುತ್ತಾರೆ. ಪಕ್ಕದ ಚಿತ್ರದಲ್ಲಿ ಅದೇ ಜಾಗ ಕಪ್ಪಗಿರುವುದನ್ನು ಯಾರೂ ಗಮನಿಸುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಎಂದರೆ ಬಿಳಿ. ಎಂಆರ್‌ಐಯಲ್ಲಿ ಹಾಗೆ ಹೆಚ್ಚಿನವಕ್ಕೆ ಖಾಯಂ ಬಣ್ಣ ಇಲ್ಲ.

ಫಿಲ್ಮ್ ಜೊತೆ ಸಿ.ಡಿ. ಕೇಳಿ ಪಡೆಯಿರಿ. ನೂರಾರು ಚಿತ್ರಗಳಲ್ಲಿ ಆಯ್ದ ಕೆಲವನ್ನೇ ಫಿಲ್ಮ್‌ಗೆ ಇಳಿಸಿರುತ್ತಾರೆ. ಮೊಬೈಲ್‌ನಲ್ಲಿ ತೆಗೆದ ಫೋಟೋ ಅದಕ್ಕಿಂತ ಕಡೆ.

1. ಎಡ-ಬಲ ಮತ್ತು ನೀರು

ಅಂಚಿನ `R` ಅಕ್ಷರ ನೋಡಿ. ರೋಗಿ ನಮ್ಮೆದುರು ನಿಂತಂತೆ ಲೆಕ್ಕ: ಚಿತ್ರದ ಎಡಕ್ಕೆ ಅವರ ಬಲಭಾಗ. ಆಮೇಲೆ ನಡುವಿನ ವೆಂಟ್ರಿಕಲ್‌ಗಳನ್ನು ಗುರುತಿಸಿ. ಮೆದುಳಿನ ಮಧ್ಯೆ ಜೋಡಿ ಕೊಂಬಿನಂತೆ ಕಾಣುವ ಈ ಕುಳಿಗಳ ತುಂಬ ಬಹುಪಾಲು ನೀರೇ ಆದ ಮೆದುಳುದ್ರವ ಇರುತ್ತದೆ. ಅದರ ಬಣ್ಣ ನೋಡಿದರೆ ಯಾವ ಸೀಕ್ವೆನ್ಸ್, ಅಂದರೆ ಯಾವ ಬಗೆಯ ಚಿತ್ರ ಎಂದು ಅರ್ಧ ತಿಳಿದ ಹಾಗೆ.

2. ಟಿ1: ನೀರು ಕಪ್ಪು

ಯಂತ್ರದ ಅಯಸ್ಕಾಂತ ದೇಹದ ಹೈಡ್ರೋಜನ್ ಕಣಗಳನ್ನು ಒಂದು ದಿಕ್ಕಿಗೆ ನಿಲ್ಲಿಸುತ್ತದೆ. ರೇಡಿಯೋ ತರಂಗ ಅವನ್ನು ಅಡ್ಡ ಕೆಡವುತ್ತದೆ. ಬಿದ್ದವು ಒಟ್ಟಿಗೆ ತಾಳ ಹಾಕಿ ತಿರುಗುವಾಗ ಹೊಮ್ಮುವ ಸಂಕೇತವೇ ಚಿತ್ರವಾಗುವುದು. ಬಿದ್ದದ್ದು ಮತ್ತೆ ಎದ್ದು ನಿಲ್ಲಲು ಹಿಡಿಯುವ ಕಾಲ ಟಿ1, ತಾಳ ತಪ್ಪಲು ಹಿಡಿಯುವ ಕಾಲ ಟಿ2.

ಟಿ1 ಚಿತ್ರಕ್ಕೆ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಕೆಡವುತ್ತಾರೆ. ಕೊಬ್ಬು ಕಾಲು ಸೆಕೆಂಡಿನಲ್ಲಿ ಚೇತರಿಸಿಕೊಳ್ಳುತ್ತದೆ, ಹಾಗಾಗಿ ಕಣ್ಣುಗುಡ್ಡೆಯ ಹಿಂಭಾಗ ಮತ್ತು ನೆತ್ತಿಯ ಚರ್ಮದಡಿ ಬೆಳ್ಳಗೆ. ಮೆದುಳುದ್ರವದ ಟಿ1 ಸುಮಾರು ನಾಲ್ಕು ಸೆಕೆಂಡು. ಏಳುವ ಮೊದಲೇ ಮತ್ತೆ ಪೆಟ್ಟು ಬೀಳುವುದರಿಂದ ಕೊಡಲು ಅದರಲ್ಲಿ ಸಂಕೇತವೇ ಉಳಿದಿರುವುದಿಲ್ಲ. ರೋಗದ ಜಾಗ ಎದ್ದು ಕಾಣಲೆಂದು ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟ ನಂತರ ತೆಗೆಯುವುದೂ ಟಿ1 ಚಿತ್ರವನ್ನೇ. ಮೂಗಿನ ಒಳಪೊರೆ ಹೊಳೆಯುತ್ತಿದ್ದರೆ ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಅರ್ಥ.

3. ಟಿ2: ನೀರು ಬಿಳಿ

ಇಲ್ಲಿ ನೀರೂ ಬಹುಪಾಲು ಏಳುವಷ್ಟು, ಅಂದರೆ ನಾಲ್ಕೈದು ಸೆಕೆಂಡು ಬಿಟ್ಟು ಕೆಡವುತ್ತಾರೆ. ಕೆಡವಿದ ಮೇಲೂ ಸುಮಾರು 100 ಮಿಲಿಸೆಕೆಂಡು ತಡೆದು ಸಂಕೇತ ಹಿಡಿಯುತ್ತಾರೆ. ಅಷ್ಟರಲ್ಲಿ ಮೆದುಳಿನ ಅಂಗಾಂಶದಲ್ಲಿ ಕೋಲಾಟ ಕೆಟ್ಟು ಒಬ್ಬೊಬ್ಬರ ಹೆಜ್ಜೆ ಒಂದೊಂದು ಕಡೆ ಹೋಗಿರುತ್ತದೆ. ನೀರಿನಲ್ಲಿ ಮಾತ್ರ ತಾಳ ಎರಡು ಸೆಕೆಂಡಿನವರೆಗೂ ಬಾಳುತ್ತದೆ, ಆದ್ದರಿಂದ ಅದು ಹೊಳೆಯುತ್ತದೆ. ಕೊಬ್ಬು ನೋಡಿ ಟಿ1-ಟಿ2 ಬೇರೆ ಮಾಡುವ ಹಳೆಯ ಉಪಾಯ ಬಿಡಿ. ಈಗಿನ ವೇಗದ ಟಿ2ದಲ್ಲಿ ಕೊಬ್ಬೂ ಬೆಳ್ಳಗೇ ಬರುತ್ತದೆ.

4. ಫ್ಲೇರ್: ಜನ ಎಡವುವುದು ಇಲ್ಲೇ

ಟಿ2ದ ತೊಂದರೆ ಏನೆಂದರೆ ರೋಗವೂ ಬಿಳಿ, ಪಕ್ಕದ ವೆಂಟ್ರಿಕಲ್ಲೂ ಬಿಳಿ. ಅಂಚಿನಲ್ಲಿರುವ ಸಣ್ಣ ಚುಕ್ಕೆ ಆ ಬಿಳಿಯಲ್ಲಿ ಮುಳುಗಿಹೋಗುತ್ತದೆ. ಅದಕ್ಕೆ ನೀರನ್ನು ಮಾತ್ರ ಅಳಿಸುವ ಉಪಾಯವೇ ಫ್ಲೇರ್. ಫಿಲ್ಮ್‌ನಲ್ಲಿ `AX T2 FLAIR` ಎಂದಿರುತ್ತದೆ. ನೀರು ಕಪ್ಪಗಿರುವುದರಿಂದ ಇದನ್ನು ಟಿ1 ಎಂದುಕೊಳ್ಳುವವರೇ ಹೆಚ್ಚು. ಗುರುತಿಸುವುದು ಸುಲಭ: ಟಿ1ದಲ್ಲಿ ಮೆದುಳಿನ ಒಳಗಿನ ಬಿಳಿ ಭಾಗ ಹೊರ ಅಂಚಿನ ಬೂದು ಭಾಗಕ್ಕಿಂತ ಬೆಳ್ಳಗಿರುತ್ತದೆ, ಫ್ಲೇರ್‌ನಲ್ಲಿ ತಿರುಗುಮುರುಗು.

ಇಲ್ಲಿ ಮೊದಲ ತರಂಗ ಕಣಗಳನ್ನು ಅಡ್ಡ ಬೀಳಿಸುವುದಿಲ್ಲ, ತಲೆಕೆಳಗು ಮಾಡುತ್ತದೆ. ಮೈನಸ್‌ನಿಂದ ಪ್ಲಸ್‌ಗೆ ಏರುವಾಗ ಪ್ರತಿಯೊಂದೂ ಒಂದು ಗಳಿಗೆ ಸೊನ್ನೆಯನ್ನು ದಾಟಲೇಬೇಕು. ಮೆದುಳಿನ ಅಂಗಾಂಶ ಒಂದು ಸೆಕೆಂಡಿನೊಳಗೇ ದಾಟಿಬಿಡುತ್ತದೆ. ನಿಧಾನದ ನೀರು ಟಿ1ದ 0.69 ಪಟ್ಟು ಹೊತ್ತಿಗೆ, ಅಂದರೆ 2.8 ಸೆಕೆಂಡಿನ ಸುಮಾರಿಗೆ ದಾಟಬೇಕಿತ್ತು. ಆದರೆ ಒಂಬತ್ತು ಸೆಕೆಂಡಿಗೊಮ್ಮೆ ಇದನ್ನೇ ಮರುಮಾಡುವುದರಿಂದ ನೀರು ಪೂರ್ತಿ ಚೇತರಿಸಿರುವುದಿಲ್ಲ, ಹೀಗಾಗಿ ಸೊನ್ನೆ ಬೇಗ ಬರುತ್ತದೆ, 2.4 ಸೆಕೆಂಡಿನ ಹತ್ತಿರ. ಸರಿಯಾಗಿ ಆ ಕ್ಷಣಕ್ಕೆ ಕೆಡವಿದರೆ ನೀರಿನಿಂದ ಸಂಕೇತ ಬರುವುದಿಲ್ಲ. ಉಳಿದದ್ದೆಲ್ಲ ಟಿ2ದಂತೆಯೇ ಬರುತ್ತದೆ.

ಹಾಗಾದರೆ ರೋಗದ ಬಾವಿನಲ್ಲಿರುವುದೂ ನೀರೇ ತಾನೇ, ಅದೇಕೆ ಅಳಿಸಿಹೋಗುವುದಿಲ್ಲ? ಅದು ತಿಳಿನೀರಲ್ಲ. ಜೀವಕೋಶ, ಪ್ರೋಟೀನುಗಳ ನಡುವೆ ಸಿಕ್ಕಿದ ನೀರು ಮೆದುಳುದ್ರವಕ್ಕಿಂತ ಬಹಳ ಬೇಗ ಚೇತರಿಸಿಕೊಂಡು ಸೊನ್ನೆಯನ್ನು ಮೊದಲೇ ದಾಟಿರುತ್ತದೆ. ತಾಳವಾದರೋ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ಕಪ್ಪು ವೆಂಟ್ರಿಕಲ್ ಪಕ್ಕದಲ್ಲಿ ಅದು ಬೆಳ್ಳಗೆ ಎದ್ದು ಕಾಣುತ್ತದೆ.

ಇದೇ ಕಾರಣಕ್ಕೆ ಮೆದುಳಿನ ಮಡಿಕೆಗಳಲ್ಲಿನ ದ್ರವ ಫ್ಲೇರ್‌ನಲ್ಲಿ ಬೆಳ್ಳಗಿದ್ದರೆ ಅಲಕ್ಷಿಸಬಾರದು. ರಕ್ತ ಬೆರೆತಿರಬಹುದು, ಮೆದುಳುಪೊರೆಯ ಸೋಂಕಿನಿಂದ ಪ್ರೋಟೀನ್ ಏರಿರಬಹುದು. ಆದರೆ ಅರಿವಳಿಕೆಯಲ್ಲಿ ಹೆಚ್ಚು ಆಕ್ಸಿಜನ್ ಕೊಟ್ಟಿದ್ದರೂ, ಹಿಂದೆ ಕೊಟ್ಟ ಗ್ಯಾಡೋಲಿನಿಯಂ ಸೋರಿ ಉಳಿದಿದ್ದರೂ ಹೀಗೇ ಕಾಣುತ್ತದೆ. ಮೆದುಳುಕಾಂಡದ ಮುಂದೆ ಇನ್ನೊಂದು ಮೋಸ ಇದೆ. ಅಲ್ಲಿ ನಾಡಿಬಡಿತಕ್ಕೆ ದ್ರವ ಚಲಿಸುತ್ತಲೇ ಇರುತ್ತದೆ. ತಲೆಕೆಳಗಾಗದ ಹೊಸ ದ್ರವ 2.4 ಸೆಕೆಂಡಿನಲ್ಲಿ ಒಳನುಗ್ಗಿ ಬೆಳ್ಳಗೆ ಹೊಳೆಯುತ್ತದೆ. ಇದು ರಕ್ತವೋ ಹರಿವೋ ಎಂದು ಒಂದೇ ಚಿತ್ರ ನೋಡಿ ತೀರ್ಮಾನಿಸುವುದು ಬೇಡ, ಉಳಿದ ಸೀಕ್ವೆನ್ಸ್‌ಗಳಲ್ಲೂ ಅದೇ ಜಾಗ ನೋಡಬೇಕು.

5. ಡಿಫ್ಯೂಷನ್: ಜೋಡಿಯಾಗಿಯೇ ನೋಡಿ

ಡಿಡಬ್ಲ್ಯುಐ ಎಂಬ ಡಿಫ್ಯೂಷನ್ ಚಿತ್ರ ನೀರಿನ ಅಣುಗಳ ಓಡಾಟ ಅಳೆಯುತ್ತದೆ. ಸರಾಗ ಓಡಾಡುವ ನೀರಿನ ಸಂಕೇತ ಅಳಿಯುತ್ತದೆ. ರಕ್ತ ನಿಂತು ಕೋಶಗಳು ಊದಿಕೊಂಡ ಜಾಗದಲ್ಲಿ ಅಣುಗಳಿಗೆ ಓಡಾಡಲು ಎಡೆಯಿಲ್ಲ, ಅಲ್ಲಿ ಬಿಳಿ. ಆದರೆ ಈ ಚಿತ್ರದಲ್ಲಿ ಟಿ2ದ ಛಾಯೆಯೂ ಬೆರೆತಿರುವುದರಿಂದ ಹಳೆಯ ಗಾಯವೂ ಹೊಳೆಯಬಹುದು. ಅದನ್ನು ಕಳೆದು ಓಡಾಟವನ್ನಷ್ಟೇ ತೋರಿಸುವುದು ಎಡಿಸಿ ನಕ್ಷೆ: ಹೊಸ ಪೆಟ್ಟು ಅದರಲ್ಲಿ ಕಪ್ಪು. ಎಡಿಸಿ ಇಲ್ಲದೆ ಡಿಡಬ್ಲ್ಯುಐ ಮಾತ್ರ ಕೊಟ್ಟ ಫಿಲ್ಮ್ ಅರ್ಧ ಫಿಲ್ಮ್, ವಾಪಸ್ ಹೋಗಿ ಕೇಳಿ.

ಒಂದು ಉದಾಹರಣೆ

64 ವರ್ಷದವರು, ಮೂರು ಗಂಟೆಯಿಂದ ಬಲಗೈ ಸೋತಿದೆ ಎಂದಿಟ್ಟುಕೊಳ್ಳಿ. ತೊಂದರೆ ಮೆದುಳಿನ ಎಡಕ್ಕೆ ಇರಬೇಕು, ಅಂದರೆ ಚಿತ್ರದ ಬಲಕ್ಕೆ. ಟಿ2ದಲ್ಲಿ ಅಲ್ಲಿ ಮೂರು ಬಿಳಿ ಚುಕ್ಕೆ. ಫ್ಲೇರ್‌ಗೆ ಬನ್ನಿ. ಮೊದಲನೆಯದು ಪೂರ್ತಿ ಕಪ್ಪಾಗಿದೆ, ಸುತ್ತ ಅಂಚಿಲ್ಲ: ರಕ್ತನಾಳದ ಸುತ್ತ ಸಹಜವಾಗಿ ಇರುವ ದ್ರವದ ಜಾಗ, ರೋಗವಲ್ಲ. ಎರಡನೆಯದು ನಡುವೆ ಕಪ್ಪು, ಸುತ್ತ ಬಿಳಿ ಬಳೆ: ಎಂದೋ ಆದ ಪುಟ್ಟ ಸ್ಟ್ರೋಕ್, ಒಳಗೆ ಕುಳಿಬಿದ್ದು ದ್ರವ ತುಂಬಿದೆ. ಮೂರನೆಯದು ಫ್ಲೇರ್‌ನಲ್ಲೂ ಬಿಳಿ. ಡಿಡಬ್ಲ್ಯುಐಯಲ್ಲಿ ತುಸು ಹೊಳೆದರೂ ಎಡಿಸಿಯಲ್ಲಿ ಬಿಳಿಯೇ. ಬಿಪಿ, ವಯಸ್ಸಿನಿಂದ ಸಣ್ಣ ನಾಳಗಳು ಸವೆದ ಹಳೆಯ ಗುರುತು.

ಕೈ ಸೋಲಿಸಿದ್ದು ಈ ಮೂರೂ ಅಲ್ಲ. ಡಿಡಬ್ಲ್ಯುಐಯಲ್ಲಿ ನಾಲ್ಕನೆಯದೊಂದು ಪ್ರಖರ ಬಿಳಿ, ಎಡಿಸಿಯಲ್ಲಿ ಕಪ್ಪು, ಟಿ2 ಮತ್ತು ಫ್ಲೇರ್‌ನಲ್ಲಿ ಆ ಜಾಗ ಖಾಲಿ. ಫ್ಲೇರ್‌ನಲ್ಲಿ ಕಾಣುವಷ್ಟು ನೀರು ಸೇರಲು ಕೆಲವು ಗಂಟೆ ಬೇಕು. ಹಾಗಾಗಿ ಡಿಡಬ್ಲ್ಯುಐಯಲ್ಲಿದ್ದು ಫ್ಲೇರ್‌ನಲ್ಲಿಲ್ಲ ಎಂದರೆ ಸ್ಟ್ರೋಕ್ ಆಗಿ ಬಹುಶಃ ನಾಲ್ಕೂವರೆ ಗಂಟೆ ದಾಟಿಲ್ಲ. ನಿದ್ದೆಯಿಂದ ಎದ್ದಾಗಲೇ ಕೈ ಬಿದ್ದಿದ್ದವರಿಗೆ ಹೆಪ್ಪು ಕರಗಿಸುವ ಔಷಧ ಕೊಡಬಹುದೇ ಎಂದು ವೈದ್ಯರು ನಿರ್ಧರಿಸಲು ಈ ವ್ಯತ್ಯಾಸವೂ ಒಂದು ಆಧಾರ. ವಾರ-ಹತ್ತು ದಿನ ಕಳೆದರೆ ಎಡಿಸಿಯ ಕಪ್ಪು ತಿಳಿಯಾಗುತ್ತದೆ, ಆಗ ಎಡಿಸಿ ನೋಡಿ ಸ್ಟ್ರೋಕ್ ಆಗಿಲ್ಲ ಎನ್ನುವಂತಿಲ್ಲ. ಮೆದುಳುಕಾಂಡದ ಚಿಕ್ಕ ಸ್ಟ್ರೋಕ್‌ಗಳು ಮೊದಲ ದಿನ ಡಿಡಬ್ಲ್ಯುಐಗೂ ತಪ್ಪಿಸಿಕೊಳ್ಳುವುದುಂಟು. ಫಿಲ್ಮ್ ಚೊಕ್ಕಟವಾಗಿದ್ದು ರೋಗಿಗೆ ತಲೆಸುತ್ತು, ತೊದಲು ಮಾತು ಮುಂದುವರಿದಿದ್ದರೆ ವೈದ್ಯರು ರೋಗಲಕ್ಷಣವನ್ನೇ ನಂಬಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವುದು ಇದಕ್ಕೇ.