ಸವಳು ಏರಿದಾಗ ಭತ್ತದ ಇಳುವರಿ ಎಲ್ಲಿಂದ ಬೀಳುತ್ತದೆ? ಸೂತ್ರವಿಲ್ಲದೆ ಗೆರೆ ಎಳೆದ ಬಗೆ

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು ಮಣ್ಣು ಪರೀಕ್ಷೆಯ ಚೀಟಿ ಹಿಡಿದುಕೊಂಡು ಕೇಳುವ ಪ್ರಶ್ನೆ ಒಂದೇ: "ನಮ್ಮ ಹೊಲದ ಇಸಿ ಇಷ್ಟಿದೆ, ಇಳುವರಿ ಎಷ್ಟು ಕಮ್ಮಿ ಆಗುತ್ತದೆ ಸಾರ್?" ಇಸಿ ಅಂದರೆ ಮಣ್ಣಿನ ಉಪ್ಪಿನ ಅಳತೆ. ನನ್ನ ಹತ್ತಿರ ಅರವತ್ತು ಹೊಲಗಳ ಇಸಿಯೂ ಇತ್ತು, ಎಕರೆಗೆ ಎಷ್ಟು ಚೀಲ ಬಂತು ಅನ್ನುವುದೂ ಇತ್ತು.

ಮೊದಲು ಎಲ್ಲಾ ಚುಕ್ಕಿಗಳ ನಡುವೆ ಒಂದೇ ನೇರ ಗೆರೆ ಎಳೆದು ನೋಡಿದೆ. ಅದು ಇಸಿ 1ರಿಂದಲೇ ಇಳಿಯುತ್ತಾ ಹೋಗುತ್ತದೆ. ಅದನ್ನು ನಂಬಿದರೆ ಒಳ್ಳೆಯ ಮಣ್ಣಿನ ರೈತನಿಗೂ ನಷ್ಟ ಇದೆ ಅಂತ ಹೇಳಬೇಕಾಗುತ್ತದೆ. ಸೂತ್ರಕ್ಕೆ ಇಸಿಯ ವರ್ಗವನ್ನೂ ಸೇರಿಸಿದರೆ ಗೆರೆ ಮೊದಲು ಮೇಲಕ್ಕೆ ಹೋಗಿ ಆಮೇಲೆ ಬಾಗುತ್ತದೆ. ಅಂದರೆ ಸ್ವಲ್ಪ ಉಪ್ಪಿದ್ದರೆ ಭತ್ತ ಜಾಸ್ತಿ ಬರುತ್ತದೆ ಅಂತಾಯಿತು! ಅದು ಸೂತ್ರದ ಆಕಾರವೇ ಹೊರತು ಮಣ್ಣಿನದಲ್ಲ. ಹಾಗಾಗಿ ಆಕಾರವನ್ನು ನಾನು ಮೊದಲೇ ಹೇಳದೆ, ಚುಕ್ಕಿಗಳೇ ಹೇಳಲಿ ಅಂತ ಲೋಯೆಸ್ ಅನ್ನುವ ಗೆರೆ ಹೊಂದಿಸುವ ವಿಧಾನ ಬಳಸಿದೆ. ವಿಲಿಯಂ ಕ್ಲೀವ್‌ಲ್ಯಾಂಡ್ 1979ರಲ್ಲಿ ಪ್ರಕಟಿಸಿದ ವಿಧಾನ ಇದರ ಮೂಲ.

ಕೆಲಸ ಹೀಗೆ ನಡೆಯುತ್ತದೆ. ಇಸಿ 4 ಇದ್ದಾಗ ಇಳುವರಿ ಎಷ್ಟು ಅಂತ ಬೇಕು ಅನ್ನಿ. ಅರವತ್ತರಲ್ಲಿ ಅರ್ಧ, ಅಂದರೆ 4ಕ್ಕೆ ಹತ್ತಿರದ ಮೂವತ್ತು ಹೊಲ ತೆಗೆದುಕೊಳ್ಳುತ್ತೇನೆ. ಇದೇ ಕಿಟಕಿ. ಅವುಗಳಲ್ಲಿ ಅತಿ ದೂರದ ಹೊಲದ ಇಸಿ 6 ಇದ್ದರೆ, ಕಿಟಕಿಯ ಅಂಚು 2 ದೂರದಲ್ಲಿದೆ. ಪ್ರತಿ ಹೊಲದ ದೂರವನ್ನು ಆ 2ರಿಂದ ಭಾಗಿಸಿದರೆ `u` ಸಿಗುತ್ತದೆ. ಅದರಿಂದ ತೂಕ:

```
w = (1 - u^3)^3
```

ಸರಿಯಾಗಿ 4ರಲ್ಲಿರುವ ಹೊಲಕ್ಕೆ ತೂಕ 1. ಇಸಿ 5ರ ಹೊಲಕ್ಕೆ `u` 0.5, ತೂಕ 0.67. ಇಸಿ 5.8ರ ಹೊಲಕ್ಕೆ ಬರೀ 0.02, ಇದ್ದೂ ಇಲ್ಲದಂತೆ. ಈ ತೂಕ ಹಾಕಿ ಮೂವತ್ತು ಚುಕ್ಕಿಗೆ ಒಂದು ನೇರ ಗೆರೆ ಹೊಂದಿಸಿ, ಆ ಗೆರೆ 4ರ ಮೇಲೆ ಎಷ್ಟಿದೆಯೋ ಅಷ್ಟನ್ನೇ ಇಟ್ಟುಕೊಳ್ಳುತ್ತೇವೆ. ಉಳಿದ ಗೆರೆ ಬೇಡ. ಆಮೇಲೆ 4.2ಕ್ಕೆ ಸರಿದು ಮತ್ತೆ ಮೊದಲಿಂದ. ಹೀಗೆ ಸಿಕ್ಕ ಚುಕ್ಕಿಗಳನ್ನು ಸೇರಿಸಿದರೆ ವಕ್ರರೇಖೆ. ಆರ್ ಅನ್ನುವ ಅಂಕಿಅಂಶದ ತಂತ್ರಾಂಶದಲ್ಲಿ ಇಷ್ಟು ಸಾಕು, ಇದರಲ್ಲಿ `span` ಅಂದರೆ ಕಿಟಕಿಯ ಗಾತ್ರ:

```r
m <- loess(chila ~ ec, data = hola, span = 0.5,
           degree = 1, family = "symmetric")
```

ಕೊನೆಯ `"symmetric"` ನನಗೆ ತುಂಬಾ ಬೇಕಾಗಿತ್ತು. ಬೆಂಕಿ ರೋಗ ಬಿದ್ದು ಇಳುವರಿ ಹೋದ ಹೊಲಗಳಿದ್ದವು, ಅವುಗಳ ಇಸಿ ಕಮ್ಮಿಯೇ ಇತ್ತು. ಇದನ್ನು ಹಾಕಿದರೆ ಮೊದಲ ಗೆರೆಯಿಂದ ಬಹಳ ದೂರ ಉಳಿದ ಚುಕ್ಕಿಗಳ ತೂಕ ಕಡಿಮೆಯಾಗಿ ಲೆಕ್ಕ ಮತ್ತೆ ನಡೆಯುತ್ತದೆ. ಅಂಥ ಒಂದೆರಡು ಹೊಲ ಗೆರೆಯನ್ನು ಕೆಳಗೆ ಎಳೆಯುವುದಿಲ್ಲ.

ಕಿಟಕಿ ಎಷ್ಟು ದೊಡ್ಡದಿರಬೇಕು ಅನ್ನುವುದೇ ನಿಜವಾದ ಕೆಲಸ. `span` 0.2 ಇಟ್ಟಾಗ ಗೆರೆ ಒಂದೊಂದು ಹೊಲದ ಹಿಂದೆ ಓಡಿ ಅಲೆಅಲೆಯಾಯಿತು. ಇಸಿ 2ಕ್ಕೂ 2.5ಕ್ಕೂ ನಡುವೆ ಇಳುವರಿ ಬಿದ್ದು ಎದ್ದಂತೆ ಕಾಣುತ್ತಿತ್ತು, ಅದಕ್ಕೆ ಬೇಸಾಯದಲ್ಲಿ ಯಾವ ಕಾರಣವೂ ಇಲ್ಲ. 0.9 ಇಟ್ಟರೆ ನುಣುಪಾಯಿತು, ಆದರೆ ತಿರುವೇ ಹೋಯಿತು. ಇದನ್ನು ಕಣ್ಣಂದಾಜಿಗೆ ಬಿಡಬೇಡಿ. ಪ್ರತಿ ಹೊಲದ ನಿಜ ಇಳುವರಿಯಿಂದ ಗೆರೆಯ ಇಳುವರಿ ಕಳೆದು, ಉಳಿದದ್ದನ್ನು ಇಸಿ ಎದುರು ಇಟ್ಟು ನೋಡಿ. 0.9ರಲ್ಲಿ ಇಸಿ 3ರ ಸುತ್ತ ಉಳಿದದ್ದೆಲ್ಲ ಸೊನ್ನೆಗಿಂತ ಮೇಲೇ ಇತ್ತು. ಗೆರೆ ಅಲ್ಲಿನ ಏನನ್ನೋ ಬಿಟ್ಟಿದೆ ಅಂತ ಅರ್ಥ. 0.5ರಲ್ಲಿ ಅವು ಮೇಲೆ ಕೆಳಗೆ ಚದುರಿದವು, ಅಲ್ಲಿಗೆ ನಿಂತೆ.

ಬಂದ ಗೆರೆ ಇಸಿ 3ರ ತನಕ ಹೆಚ್ಚುಕಮ್ಮಿ ಮಟ್ಟಸ. ಅಲ್ಲಿಂದ ಇಳಿಜಾರು. ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಭತ್ತಕ್ಕೆ ಕೊಟ್ಟ ಮಿತಿಯೂ ಮೀಟರಿಗೆ 3 ಡೆಸಿಸೀಮೆನ್ಸ್, ಅದರಾಚೆ ಒಂದೊಂದು ಡೆಸಿಸೀಮೆನ್ಸ್‌ಗೆ ಶೇ. 12 ನಷ್ಟ. ಆ 3ನ್ನು ನಾನು ಎಲ್ಲೂ ಹೇಳಿರಲಿಲ್ಲ, ಗೆರೆ ತಾನೇ ಅಲ್ಲಿ ಬಾಗಿತು. ಒಂದು ಎಚ್ಚರ: ಈ ಮಿತಿ ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ಕೆಸರಿನಂತೆ ಮಾಡಿ, ಅದರಿಂದ ತೆಗೆದ ದ್ರಾವಣದ ಇಸಿಗೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಬಾರದು.

ಬಲಗಡೆ ಅಂಚನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ. ಇಸಿ 8ರ ಹತ್ತಿರ ಹೊಲ ಕೆಲವೇ. ಮೂವತ್ತು ಸೇರಿಸಲು ಕಿಟಕಿ ಎಡಕ್ಕೆ ತುಂಬಾ ದೂರ ಚಾಚುತ್ತದೆ, ಬಲಕ್ಕೆ ಏನೂ ಇಲ್ಲ. `predict(m, se = TRUE)` ಕೊಟ್ಟಾಗ ಅಲ್ಲಿ ಗೆರೆಯ ಸುತ್ತಲಿನ ಅನಿಶ್ಚಿತತೆಯ ಪಟ್ಟಿ ಅಗಲವಾದದ್ದು ಅದಕ್ಕೇ. ಅಳತೆಯಲ್ಲೇ ಇಲ್ಲದ ಇಸಿ ಕೊಟ್ಟರೆ `NA` ಬರುತ್ತದೆ. ಮುಂದಕ್ಕೆ ಎಳೆಯಲು ಇಲ್ಲಿ ಸೂತ್ರವೇ ಇಲ್ಲವಲ್ಲ.

ಇನ್ನೊಂದು ತೊಡಕಿದೆ. ನನ್ನ ಪಟ್ಟಿಯಲ್ಲಿ ಸವಳು ಜಾಸ್ತಿ ಇರುವ ಹೊಲಗಳಲ್ಲಿ ಹಲವು ಕಾಲುವೆಯ ಕೊನೆಭಾಗದವು, ನೀರೂ ತಡವಾಗಿ ಬರುತ್ತದೆ. ಇಳಿದದ್ದರಲ್ಲಿ ಉಪ್ಪಿನ ಪಾಲೆಷ್ಟು, ನೀರಿನ ಪಾಲೆಷ್ಟು ಅಂತ ಈ ಗೆರೆ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಮೇಲ್ಭಾಗದ ಹೊಲಗಳಿಗೂ ಕೊನೆಭಾಗದ ಹೊಲಗಳಿಗೂ ಬೇರೆಬೇರೆ ಗೆರೆ ಎಳೆಯುತ್ತಿದ್ದೇನೆ. ಹೊಲ ಕಮ್ಮಿಯಾದ್ದರಿಂದ ಕಿಟಕಿಯನ್ನು 0.75ಕ್ಕೆ ಅಗಲಿಸಬೇಕಾಗಿದೆ.